ಗೋಡೆ ಮೇಲಿನ ಕ್ರೇಯಾನ್: ಗೀಚಿದ್ದು ಹೋಗ್ಲಿ, ಬಣ್ಣ ಉಳೀಲಿ

ಬಾಡಿಗೆ ಮನೇಲಿ ಚಿಕ್ಕ ಮಗು ಇದ್ರೆ ಈ ಪೋಸ್ಟ್ ನಿಮಗೇ.

ಅಕ್ಕನ ಮಗನಿಗೆ ಮೂರು ವರ್ಷ. ನಮ್ಮನೆ ಹಾಲ್ ಗೋಡೆ ಮೇಲೆ ಕಿತ್ತಳೆ ಕ್ರೇಯಾನ್ ಬಸ್ಸು, ಸುತ್ತ ಪೆನ್ಸಿಲ್ ರಸ್ತೆ. ರೂಮಲ್ಲೂ ಅದೇ ಕಥೆ. ಮುಂದಿನ ತಿಂಗಳು ಮನೆ ಖಾಲಿ ಮಾಡ್ತಿದ್ದೀವಿ. ಗೀಚಿದ ಗೆರೆಗಿಂತ, ಉಜ್ಜಿ ಉಜ್ಜಿ ಬಣ್ಣ ಕಿತ್ತುಬಂದ ಜಾಗವೇ ಜಾಸ್ತಿ ಎದ್ದು ಕಾಣೋದು. ಅಡ್ವಾನ್ಸಲ್ಲಿ ಪೇಂಟಿಂಗ್ ಅಂತ ದುಡ್ಡು ಮುರ್ಕೊಳ್ಳೋಕೆ ಅಷ್ಟು ಸಾಕು.

ಮೊದಲು ಗೋಡೆ ಎಂಥದ್ದು ನೋಡ್ಕೊಳ್ಳಿ. ಬಾಗಿಲ ಹಿಂದೆ, ಯಾರಿಗೂ ಕಾಣದ ಕಡೆ ಒದ್ದೆ ಬಟ್ಟೆಯಿಂದ ನಾಲ್ಕು ಸಲ ಮೆಲ್ಲಗೆ ಒರೆಸಿ. ಬಟ್ಟೆಗೆ ಗೋಡೆ ಬಣ್ಣ ಹತ್ತಿದ್ರೆ ಅದು ಬಹುಶಃ ಡಿಸ್ಟೆಂಪರ್, ಒದ್ದೆ ಉಜ್ಜಾಟ ತಡೆಯಲ್ಲ. ಹತ್ತದಿದ್ರೆ ಎಮಲ್ಷನ್ ಇರಬಹುದು, ಧೈರ್ಯವಾಗಿ ಮುಂದುವರಿಸಿ. ನಮ್ಮ ಹಾಲ್ ಎಮಲ್ಷನ್, ರೂಮು ಡಿಸ್ಟೆಂಪರ್.

ಪೆನ್ಸಿಲ್ ಗೆರೆಗೆ ಮೊದಲೇ ನೀರು ಹಾಕಬೇಡಿ. ಅದು ಗ್ರಾಫೈಟ್ ಪುಡಿ, ಒದ್ದೆಯಾದ್ರೆ ಬೂದು ಬಣ್ಣದಲ್ಲಿ ಹರಡ್ಕೊಳ್ಳುತ್ತೆ. ಮೆತ್ತನೆ ಬಿಳಿ ರಬ್ಬರ್ ತಗೊಂಡು ಒಂದೇ ದಿಕ್ಕಿಗೆ ಹಗುರವಾಗಿ ಅಳಿಸಿ. ಬಣ್ಣದ ರಬ್ಬರ್ ಬೇಡ, ಅದರ ಬಣ್ಣ ಗೋಡೆಗೆ ಹತ್ತಬಹುದು.

ಕ್ರೇಯಾನ್ ಅಂದ್ರೆ ಮೇಣ. ಅದಕ್ಕೇ ತಣ್ಣೀರು ಜಾರಿ ಹೋಗುತ್ತೆ. ಎಮಲ್ಷನ್ ಗೋಡೆಗೆ ಹೇರ್ ಡ್ರೈಯರನ್ನ ಕಡಿಮೆ ಬಿಸಿಲಿಟ್ಟು, ಒಂದು ಗೇಣು ದೂರದಿಂದ, ಕೈ ಆಡಿಸ್ತಾ ಹಿಡೀರಿ. ಗೆರೆ ಹೊಳೆಯೋಕೆ ಶುರುವಾದ್ರೆ ಮೇಣ ಕರಗಿದೆ ಅಂತ. ಟಿಶ್ಯೂ ಒತ್ತಿ ಎತ್ತಿ, ಎಳೀಬೇಡಿ. ಪ್ರತಿ ಸಲ ಹೊಸ ಟಿಶ್ಯೂ. ಉಳಿದ ಕಲೆಗೆ ಒಂದು ಮಗ್ ಉಗುರುಬೆಚ್ಚಗಿನ ನೀರಲ್ಲಿ ಮೂರ್ನಾಲ್ಕು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ ಹಿಂಡಿ, ಕಲೆಯ ಅಂಚಿಂದ ಒಳಗೆ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆ. ನಮ್ಮ ಬಸ್ಸು ಹೀಗೇ ಹೋಯ್ತು.

ಮ್ಯಾಜಿಕ್ ಸ್ಪಾಂಜ್, ಟೂತ್‌ಪೇಸ್ಟ್, ಸೋಡಾ ಬಗ್ಗೆ ಒಂದು ಮಾತು. ಇವೆಲ್ಲ ತುಂಬಾ ನುಣ್ಣನೆ ಉಪ್ಪುಕಾಗದ ಇದ್ದಂಗೆ. ಕಲೆ ಜೊತೆ ಬಣ್ಣದ ಮೇಲ್ಪದರವನ್ನೂ ತಿಕ್ಕುತ್ತೆ, ಹೊಳಪಿಲ್ಲದ ಮ್ಯಾಟ್ ಗೋಡೇಲಿ ಆ ಜಾಗ ಮಾತ್ರ ಮಿರಮಿರ ಅನ್ನುತ್ತೆ. ಮೊಬೈಲ್ ಟಾರ್ಚನ್ನ ಗೋಡೆಗೆ ಅಡ್ಡಲಾಗಿ ಹಿಡಿದು ನೋಡಿ, ಹೊಳಪು ಕಂಡ್ರೆ ಅಲ್ಲಿಗೇ ನಿಲ್ಲಿಸಿ.

ಡಿಸ್ಟೆಂಪರ್ ರೂಮಲ್ಲಿ ನೀರೂ ಬೇಡ, ಬಿಸಿನೂ ಬೇಡ. ಕರಗಿದ ಮೇಣವನ್ನ ಆ ಗೋಡೆ ಒಳಗೆ ಹೀರ್ಕೊಳ್ಳುತ್ತೆ. ಹಳೇ ಪ್ಲಾಸ್ಟಿಕ್ ಕಾರ್ಡನ್ನ ಗೋಡೆಗೆ ಮಲಗಿಸಿ ಹಿಡಿದು ಮೇಲಿನ ಮೇಣ ಮಾತ್ರ ಕೆರೆದು ಎಬ್ಬಿಸಿ, ಆಮೇಲೆ ರಬ್ಬರ್. ಪೂರ್ತಿ ಹೋಗಲ್ಲ. ಮೇಣ ಬಿಟ್ಟು ಮೇಲೆ ಪೇಂಟ್ ಬಳಿದ್ರೆ ಅದು ಕೂರೋದೂ ಇಲ್ಲ.

ರೂಮಲ್ಲಿ ಈಗ ತೆಳುವಾಗಿ ಕಿತ್ತಳೆ ಛಾಯೆ ಉಳಿದಿದೆ. ಅಷ್ಟಕ್ಕೇ ಬಿಟ್ಟಿದ್ದೀವಿ. ಬಣ್ಣ ಕಿತ್ತ ಬಿಳಿ ತೇಪೆಗಿಂತ ಅದೇ ವಾಸಿ.

ನಿಮ್ಮನೆ ಗೋಡೆ ಯಾವ್ದು, ಒರೆಸಿ ನೋಡಿ ಹೇಳಿ.