ಮೈದುನನ ಅಪೀಲು ಅರ್ಜಿ

ನಮ್ಮ ಮೈದುನ ಹುಬ್ಬಳ್ಳಿ ಕಡೆ ಒಂದು ಕಾರ್ಖಾನಿ ಗೇಟಿನಾಗ 11 ವರ್ಷ ಸೆಕ್ಯೂರಿಟಿ ಗಾರ್ಡ್ ಇದ್ದ. ಹೋದ ತಿಂಗಳು ಅವನ್ನ ಡಿಸ್ಮಿಸ್ ಮಾಡಿದ್ರು. ರಾತ್ರಿ 2.30ರಿಂದ 3 ಗಂಟೆ ತನಕ ಕುರ್ಚಿ ಮ್ಯಾಲೆ ನಿದ್ದಿ ಮಾಡಿದ್ದ ಅಂತ ಆರೋಪ. ಚಾರ್ಜ್‌ಶೀಟ್ ಕೊಟ್ರು, ಎನ್‌ಕ್ವೈರಿ ಮಾಡಿದ್ರು, ಆರೋಪ ಸಾಬೀತಾತು ಅಂತ ಮನೀಗೆ ಕಳಿಸಿದ್ರು. ಅಪೀಲು ಹಾಕೋದಕ್ಕ ಅವರ ಸ್ಟ್ಯಾಂಡಿಂಗ್ ಆರ್ಡರ್‌ನಾಗ 30 ದಿನ ಅಂತ ಇತ್ತು. ಅದರಾಗ 12 ದಿನ ಅಂವ ಗೋಡಿ ನೋಡ್ಕೋತ ಕೂತು ಕಳದಿದ್ದ. ಮಗಳ ಕಾಲೇಜಿನ ಫೀ ಬ್ಯಾರೆ ತುಂಬೋದಿತ್ತು.

"ವೈನಿ, ನಿಮ್ಮ ಅಕ್ಷರ ಚಂದ ಅದಾವ, ಒಂದು ಅರ್ಜಿ ಬರದು ಕೊಡ್ರಿ" ಅಂತ ಬಂದ. ತಾನೇ ಒಂದು ಹಾಳಿ ಬರಕೊಂಡು ಬಂದಿದ್ದ. ಓದಿದ್ರ ಎದಿ ಧಸಕ್ ಅಂತು. "ಸಾಹೇಬ್ರ, ತಪ್ಪಾತು, ಹೊಟ್ಟಿಪಾಡು, ಕಾಲಿಗೆ ಬೀಳ್ತೀನಿ, ಇದೊಂದು ಸಲ ಕ್ಷಮಿಸ್ರಿ" ಅಂತ ತುಂಬ ಅದೇ.

ನಮ್ಮ ಓಣ್ಯಾಗ ಒಬ್ರು ಕಾಕಾ ಅದಾರ. ಗಿರಣಿ ಆಫೀಸಿನಾಗ ಇಂಥವೇ ಕಾಗದ ನೋಡಿ ರಿಟೈರ್ ಆದವರು. ಅವರು ಆ ಹಾಳಿ ಮಡಚಿ ತಮ್ಮ ಕಿಸೆದಾಗ ಇಟ್ಕೊಂಡ್ರು. "ಚಾರ್ಜ್‌ಶೀಟಿಗೆ ಉತ್ತರ ಕೊಡೋವಾಗ ನಿದ್ದಿ ಮಾಡಿಲ್ಲ ಅಂದೀ. ಈಗ ತಪ್ಪಾತು ಅಂದ್ರ ನೀನೇ ಒಪ್ಪಿಕೊಂಡಂಗ. ನಾಳೆ ಲೇಬರ್ ಕೋರ್ಟಿಗೆ ಹೋದ್ರೂ ಇದೇ ಹಾಳಿ ನಿನ್ನ ಮುಂದ ಹಿಡಿತಾರ" ಅಂದ್ರು. ಖರೇ ಮಾತು.

ಆಮ್ಯಾಲೆ ಎನ್‌ಕ್ವೈರಿ ಕಾಗದ ಎಲ್ಲಾ ಹರವಿಕೊಂಡು ಕೂತ್ವಿ. ಅವತ್ತು ಬದಲಿ ಗಾರ್ಡ್ ಬರಲಿಲ್ಲಂತ ಮಧ್ಯಾಹ್ನ 2ಕ್ಕ ಹೋದಂವ ಮರುದಿನ ಬೆಳಗಿನ ತನಕ ಅಲ್ಲೇ ಇದ್ದ. ಅಂದ್ರ ಎರಡು ಪಾಳಿ. "ಆ ಹೊತ್ತಿಗೆ ಗೇಟಿಗೆ ಯಾರರೇ ಬಂದಿದ್ರೇನಪಾ?" ಅಂತ ಕಾಕಾ ಕೇಳಿದ್ರು. "2.40ಕ್ಕ ಒಂದು ಲಾರಿ ಬಂತ್ರಿ, ನಂಬರ್ ನಾನೇ ಗೇಟ್ ರಿಜಿಸ್ಟರ್‌ನಾಗ ಬರದೀನಿ" ಅಂದ. ಅಯ್ಯ, ನಿದ್ದಿ ಮಾಡಾಂವ ಲಾರಿ ನಂಬರ್ ಹೆಂಗ ಬರಿತಾನ? ಎನ್‌ಕ್ವೈರಿಯೊಳಗ ಆ ರಿಜಿಸ್ಟರ್ ತರಸ್ರಿ ಅಂತ ಕೇಳಿದ್ನಂತ. ಎನ್‌ಕ್ವೈರಿ ಸಾಹೇಬ್ರು ಅದು ಬೇಕಾಗಿಲ್ಲ ಅಂದಿದ್ರು. ಪುಣ್ಯಾಕ್ಕ, ಅವನು ಕೇಳಿದ್ದು, ಅವರು ಬ್ಯಾಡ ಅಂದಿದ್ದು, ಎರಡೂ ಎರಡನೇ ದಿನದ ನಡಾವಳಿಯೊಳಗ ಬರದಿತ್ತು, ಕೆಳಗ ಎಲ್ಲಾರ ಸಹಿ ಇತ್ತು. ಅರ್ಜಿಯ ಮೊದಲನೇ ಕಾರಣ ಅದನ್ನೇ ಮಾಡಿದ್ವಿ, ಪುಟದ ನಂಬರ್ ಹಾಕಿ. ನೋಡೀನಿ ಅಂತ ಹೇಳಿದಂವ ಸೂಪರ್‌ವೈಸರ್ ಒಬ್ಬನೇ ಅನ್ನೋದನ್ನೂ ಅಲ್ಲೇ ಸೇರಿಸಿದ್ವಿ.

ಎರಡನೇದು, ಎನ್‌ಕ್ವೈರಿ ರಿಪೋರ್ಟು. ಅದು ಅವನ ಕೈಗೆ ಬಂದಿದ್ದು ಡಿಸ್ಮಿಸ್ ಆರ್ಡರ್ ಜೋಡಿನೇ. ಶಿಕ್ಷೆ ಕೊಡೂಕಿಂತ ಮೊದಲು ರಿಪೋರ್ಟಿನ ಪ್ರತಿ ಕೊಟ್ಟು ಏನು ಹೇಳ್ತಿ ಅಂತ ಕೇಳಬೇಕು ಅಂತ ಸುಪ್ರೀಂ ಕೋರ್ಟು 1993ರಾಗ ಕರುಣಾಕರ್ ಕೇಸಿನಾಗ ಹೇಳೇದಂತ, ಖಾಸಗಿಯವರಿಗೂ ಅದು ಅನ್ವಯ. ಆದ್ರ ಪ್ರತಿ ಕೊಡಲಿಲ್ಲ ಅಂತ ಬರದು ಸುಮ್ಮನಾದ್ರ ಸಾಲೂದಿಲ್ಲ. ಕೊಟ್ಟಿದ್ರ ನಾವು ಏನು ಹೇಳ್ತಿದ್ವಿ, ಅದರಿಂದ ಏನು ಫರಕ್ ಬೀಳ್ತಿತ್ತು ಅನ್ನೋದನ್ನೂ ತೋರಿಸಬೇಕು. ರಿಪೋರ್ಟಿನಾಗ ರಿಜಿಸ್ಟರ್ ಮಾತೇ ಇಲ್ಲ, ಮೊದಲೇ ಕೊಟ್ಟಿದ್ರ ಅವತ್ತೇ ಅದನ್ನ ಎತ್ತಿ ತೋರಸ್ತಿದ್ದೆ ಅಂತ ಬರದ್ವಿ.

ಇನ್ನ ಶಿಕ್ಷೆ ಮಾತು. ನಿದ್ದಿ ಮಾಡಿದ್ದಕ್ಕ ಯಾರರೇ ಕೆಲಸಾ ಕಸಗೊಂತಾರೇನ್ರಿ ಅಂತ ನಾ ಅಂದೆ. ಕಾಕಾ ತಲಿ ಅಲ್ಲಾಡಿಸಿದ್ರು. ಪುಣೆಯ ಭಾರತ್ ಫೋರ್ಜ್ ಕೆಲಸಗಾರ ಒಬ್ಬ ಪಾಳಿಯೊಳಗ ಮಲಗಿದ್ದಕ್ಕ ಆದ ಡಿಸ್ಮಿಸ್ ಅನ್ನ ಸುಪ್ರೀಂ ಕೋರ್ಟು 2005ರಾಗ ಎತ್ತಿ ಹಿಡದದ. ಆದ್ರ ಅಂವ ಅದಕ್ಕೂ ಮೊದಲು ಮೂರು ಸಲ ಸಿಕ್ಕಂವ. ಗಾರ್ಡಿಗಂತೂ ಎಚ್ಚರ ಇರೋದೇ ಕೆಲಸ, ಹಿಂಗಾಗಿ ಬರೀ ಅಳೋದರಿಂದ ಏನೂ ಆಗೂದಿಲ್ಲ. "ಆರೋಪ ನಾನು ಒಪ್ಪಿಲ್ಲ. ಒಂದು ವೇಳೆ ತಾವು ಸಾಬೀತಾಗಿದೆ ಎಂದು ತಿಳಿದರೂ, 11 ವರ್ಷ ಒಂದೂ ಶಿಕ್ಷೆ ಇಲ್ಲದ ಸೇವೆ ಮತ್ತು ಅಂದಿನ ಎರಡು ಪಾಳಿ ನೋಡಿದರೆ ಈ ಶಿಕ್ಷೆ ಅತಿಯಾಯಿತು" ಅಂತ ಅವರು ಹೇಳಿದ್ದನ್ನ ಹಂಗೇ ಇಳಿಸಿದೆ. 'ಒಂದು ವೇಳೆ' ಅನ್ನೋದನ್ನ ಬಿಡಬ್ಯಾಡ ಅಂತ ಎರಡು ಸಲ ಹೇಳಿದ್ರು.

ಕಡೀಗೆ ಬೇಡಿಕೆ. ಆರ್ಡರ್ ರದ್ದು ಮಾಡಬೇಕು, ಸೇವಾ ಮುರಿಯದಂಗ, ಹಿಂದಿನ ಪಗಾರ ಸಹಿತ ಮತ್ತ ತಗೋಬೇಕು. ಆಗದಿದ್ರ ಸಣ್ಣ ಶಿಕ್ಷೆಗೆ ಇಳಸಬೇಕು. ತೀರ್ಮಾನ ಮಾಡೂ ಮೊದಲು ಖುದ್ದಾಗಿ ಕರದು ಕೇಳಬೇಕು. ಸೂಪರ್‌ವೈಸರ್ ಜೋಡಿ ಆದ ಹಳೇ ಜಗಳ ಬರೀರಿ ಅಂತ ಮೈದುನ ಹಟಾ ಹಿಡದ. ಅದಕ್ಕ ಸಾಕ್ಷಿ ಇರಲಿಲ್ಲ, ನಾ ಬರೀಲಿಲ್ಲ.

ಆರ್ಡರಿಗೆ ಸಹಿ ಮಾಡಿದವರ ಮ್ಯಾಲಿನ ಸಾಹೇಬ್ರ ಹೆಸರಿಗೆ, 26ನೇ ದಿನ ಒಂದು ಪ್ರತಿ ಕೈಯಾಗ ಕೊಟ್ಟು ನಮ್ಮ ಪ್ರತಿ ಮ್ಯಾಲೆ ಶಿಕ್ಕಾ ಹಾಕಿಸಿದ, ಇನ್ನೊಂದು ರಿಜಿಸ್ಟರ್ ಪೋಸ್ಟ್ ಮಾಡಿದ. ನಿನ್ನೆ ಕಾಗದ ಬಂದದ, ಬರೋ ಗುರುವಾರ ಖುದ್ದಾಗಿ ಬಾ, ಗೇಟ್ ರಿಜಿಸ್ಟರ್ ನೋಡಲಾಗುವುದು ಅಂತ.