ಆಮಂತ್ರಣದ ಚಿತ್ರಕ್ಕೆ ಬರೆದ ಉತ್ತರ

ನಾಮಕರಣದ ಆಮಂತ್ರಣ ಪತ್ರಿಕೆ ಈಗ ಅಂಚೆಯಲ್ಲಿ ಬರುವುದು ಅಪರೂಪ. ಊರಿನಲ್ಲಿ ಅಚ್ಚಾದ ಒಂದು ಪ್ರತಿಯ ಛಾಯಾಚಿತ್ರ ವಾಟ್ಸಾಪ್ ಮೂಲಕ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ನಿನ ಮನೆಗಳನ್ನೆಲ್ಲ ತಲುಪುತ್ತದೆ. ಚಿತ್ರದಲ್ಲಿರುವ ವಿಳಾಸವನ್ನು ಒತ್ತಿದರೆ ನಕ್ಷೆ ತೆರೆಯುವುದಿಲ್ಲ. ಅಕ್ಷರ ಮಸುಕಾದರೆ ಕನ್ನಡದ ೬ ಮತ್ತು ೯ ಒಂದೇ ರೀತಿ ಕಾಣುತ್ತವೆ. ಇಂತಹ ಆಮಂತ್ರಣಕ್ಕೆ "ಖಂಡಿತ ಬರುತ್ತೇವೆ" ಎಂದಷ್ಟೇ ಬರೆದರೆ ಎಷ್ಟು ಎಲೆ ಹಾಕಬೇಕೆಂಬುದು ಬಾಣಂತಿಯ ಮನೆಯವರಿಗೆ ತಿಳಿಯದು. "ಏನಾದರೂ ಬೇಕಾದರೆ ಹೇಳಿ" ಎಂದರೆ ಅವರು ಸಂಕೋಚದಿಂದ ಏನನ್ನೂ ಹೇಳುವುದಿಲ್ಲ. ಆದುದರಿಂದ ಆಸ್ಟಿನ್ನಿನ ಯುವ ದಂಪತಿಗಳಿಗೆ ಡಲ್ಲಾಸಿನಿಂದ ನಾವು ಹೀಗೆ ಬರೆದೆವು:

"ಆತ್ಮೀಯರೇ, ಮಗುವಿನ ನಾಮಕರಣಕ್ಕೆ ದೊಡ್ಡವರಿಬ್ಬರು, ಮಕ್ಕಳಿಬ್ಬರು, ಒಟ್ಟು ನಾಲ್ವರು ಬರುತ್ತೇವೆ. ಮುಹೂರ್ತವನ್ನು ಭಾನುವಾರ ಬೆಳಿಗ್ಗೆ ೯-೩೦ ಎಂದು ಓದಿಕೊಂಡಿದ್ದೇವೆ. ಅದು ೬-೩೦ ಅಲ್ಲವಷ್ಟೇ? ವಿಳಾಸವನ್ನು ದಯವಿಟ್ಟು ಟೈಪ್ ಮಾಡಿ ಕಳುಹಿಸಿ. ಮೂರು ಗಂಟೆಗೂ ಮೀರಿದ ಪ್ರಯಾಣವಾದುದರಿಂದ ಶನಿವಾರ ಸಂಜೆಯೇ ಬಂದು ಹೋಟೆಲಿನಲ್ಲಿ ಉಳಿಯುತ್ತೇವೆ. ನಮ್ಮ ಮರದ ತೊಟ್ಟಿಲನ್ನು ಕಾರಿನಲ್ಲಿ ತಂದು, ಮುಹೂರ್ತಕ್ಕೆ ಒಂದೂವರೆ ಗಂಟೆ ಮೊದಲೇ ಜೋಡಿಸಿ ಹೂವು ಕಟ್ಟುತ್ತೇವೆ. ತೊಟ್ಟಿಲು ಬೇಡವಾದರೆ ಗುರುವಾರದೊಳಗೆ ತಿಳಿಸಿ. ಇನ್ನೊಂದು ಮಾತು: ಮಗುವಿನ ನಾಲಿಗೆಗೆ ಜೇನುತುಪ್ಪ ಮುಟ್ಟಿಸುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ಬಿಡಬೇಕು. ಅಮ್ಮನವರಿಗೆ ನಾವೇ ಫೋನ್ ಮಾಡಿ ವಿವರಿಸುತ್ತೇವೆ."

ಕೊನೆಯ ಮಾತನ್ನು ಅಂದೇ ಬರೆಯಲು ಕಾರಣವಿದೆ. ಪೂಜೆಯ ನಡುವೆ, ಬಂಧುಗಳೆದುರು ಅಜ್ಜಿಯ ಕೈ ತಡೆದರೆ ಅವರಿಗೆ ಅವಮಾನವಾಗುತ್ತದೆ. ನಿರೀಕ್ಷಿಸಿದಂತೆಯೇ ಅವರು ಫೋನಿನಲ್ಲಿ, "ನಮ್ಮ ಮಕ್ಕಳೆಲ್ಲ ಜೇನು ನೆಕ್ಕಿಯೇ ಬೆಳೆದವರು ಡಾಕ್ಟ್ರೇ, ಇದು ಊರಿನ ಶುದ್ಧ ಜೇನು" ಎಂದರು.

ದೋಷ ಕಲಬೆರಕೆಯದಲ್ಲ ಎಂದು ನಾವು ತಿಳಿಸಿದೆವು. ಶುದ್ಧ ಜೇನಿನಲ್ಲಿಯೂ ಬಾಟ್ಯುಲಿಸಂ ರೋಗಾಣುವಿನ ಬೀಜಕಣಗಳು ಇರಬಹುದು. ಮನೆಯಲ್ಲಿ ಕಾಯಿಸಿದರೂ ಅವು ಸಾಯುವುದಿಲ್ಲ. ದೊಡ್ಡವರ ಕರುಳಿನಲ್ಲಿ ಅವು ಬೆಳೆಯಲಾರವು, ಎಳೆಗೂಸಿನ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲವು. ಮೊದಲು ಮಲಬದ್ಧತೆ, ಬಳಿಕ ಹಾಲು ಚೀಪುವ ಶಕ್ತಿ ಕುಗ್ಗುವುದು, ಅಳು ಕ್ಷೀಣವಾಗುವುದು, ರೆಪ್ಪೆ ಜೋಲುವುದು. ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ರೋಗ ವಿರಳ, ಆದುದರಿಂದಲೇ ಅವರ ಮಕ್ಕಳಿಗೆ ಏನೂ ಆಗಲಿಲ್ಲ. ಆದರೆ ಬಂದರೆ ಉಸಿರಾಟವೇ ನಿಲ್ಲಬಹುದು. ವರ್ಷ ತುಂಬುವವರೆಗೆ ಒಂದು ಹನಿ ಜೇನೂ ಬೇಡ.

"ಹಾಗಾದರೆ ಶಾಸ್ತ್ರಕ್ಕೆ ಏನು ಮಾಡೋಣ?" ಎಂದು ಅವರು ಕೇಳಿದರು. ಚೆನ್ನಾಗಿ ತೊಳೆದ ಚಿನ್ನದ ಉಂಗುರದಿಂದ ತಾಯಿಯ ಹಾಲನ್ನೇ ತುಟಿಗೆ ಮುಟ್ಟಿಸಬಹುದೆಂದೆವು. ಪುರೋಹಿತರನ್ನು ಕೇಳಿ ಅವರು ಒಪ್ಪಿದರು. ಮುಹೂರ್ತ ೯-೩೦ ಎಂಬ ಉತ್ತರವೂ ವಿಳಾಸವೂ ಅಂದೇ ಬಂದವು. ತೊಟ್ಟಿಲು ತರಬೇಕೆಂದೂ ಬರೆದಿದ್ದರು.