ಗಂಗೆ ಹೆತ್ತದ್ದು ಯಾರನ್ನು?

ನಮ್ಮ ಮಾವನವರಿಗೆ ಈಗಲೂ ಅಂಚೆಯಲ್ಲಿ ಪತ್ರ ಬರುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಈಗ ಪುಣೆಯಲ್ಲಿ ನಮ್ಮ ಜೊತೆಗಿದ್ದಾರೆ. ಕಣ್ಣು ಅಷ್ಟು ಸರಿಯಿಲ್ಲದ ಕಾರಣ ಬಂದ ಪತ್ರವನ್ನು ಓದಿ ಹೇಳುವುದು, ಅವರು ಹೇಳಿದ ಉತ್ತರವನ್ನು ಬರೆದುಕೊಳ್ಳುವುದು ನನ್ನ ಭಾನುವಾರದ ಕೆಲಸ. ವಾರವಿಡೀ ಕೋಡ್ ಓದುವ ನನಗೆ ಇದೊಂದು ಬದಲಾವಣೆ ಎಂದುಕೊಂಡಿದ್ದೆ. ಆದರೆ ಕಳೆದ ವರ್ಷ ಬಂದ ಒಂದು ಪತ್ರ ನೋಡಿದಾಗ, ಎರಡೂ ಕಡೆ ನಡೆಯುವುದು ಬಹುಮಟ್ಟಿಗೆ ಒಂದೇ ಕೆಲಸ ಅನ್ನಿಸಿತು.

ಪತ್ರ ಬರೆದವರು ಕೊಪ್ಪಳ ಜಿಲ್ಲೆಯ ಒಂದು ಪ್ರೌಢಶಾಲೆಯ ಕನ್ನಡ ಮೇಷ್ಟ್ರು, ಮಾವನವರ ಹಳೆಯ ಶಿಷ್ಯರು. 'ಪೂಜ್ಯ ಗುರುಗಳಿಗೆ ಸಾಷ್ಟಾಂಗ ನಮಸ್ಕಾರಗಳು' ಎಂದು ಶುರುಮಾಡಿ ನೇರವಾಗಿ ವಿಷಯಕ್ಕೆ ಬಂದಿದ್ದರು. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹಳಗನ್ನಡದ ಧಾಟಿಯ ಒಂದು ಅಪರಿಚಿತ ಪದ್ಯ ಕೊಟ್ಟಿದ್ದರಂತೆ. ಭೀಷ್ಮನ ಮೇಲಿನ ಪದ್ಯ. ಛಂದಸ್ಸು ತೆಗೆದು ಹೊಸಗನ್ನಡಕ್ಕೆ ಇಳಿಸಿದರೆ ಹೀಗಾಗುತ್ತದೆ ಎಂದು ಮೇಷ್ಟ್ರೇ ಬರೆದಿದ್ದರು:

ಶಂತನುವಿಗೆ ಒಲಿದ ಗಂಗೆ ಹೆತ್ತ ಕ್ಷತ್ರಿಯರನ್ನು ಕೊಂದ ಪರಶುರಾಮನನ್ನು ಎದುರಿಸಿದ ಭೀಷ್ಮನು ಶರಶಯ್ಯೆಯಲ್ಲಿ ಮಲಗಿದನು.

ಪ್ರಶ್ನೆ: 'ಕ್ಷತ್ರಿಯರನ್ನು ಕೊಂದ' ಎಂಬ ಮಾತು ಯಾರನ್ನು ಕುರಿತದ್ದು? ಎರಡು ಅಂಕ. ಮಾದರಿ ಉತ್ತರದಲ್ಲಿ ಪರಶುರಾಮ ಎಂದಿತ್ತು. ಒಬ್ಬ ಹುಡುಗಿ ಭೀಷ್ಮ ಎಂದು ಬರೆದಿದ್ದಳು. ಸೊನ್ನೆ ಬಿತ್ತು. ಅವಳು ಉತ್ತರಪತ್ರಿಕೆ ಹಿಡಿದುಕೊಂಡು ಮೇಷ್ಟ್ರ ಹತ್ತಿರ ಬಂದು, 'ಸಾರ್, ಕುರುಕ್ಷೇತ್ರದಲ್ಲಿ ಭೀಷ್ಮನೂ ಕೊಂದಿದ್ದಾನಲ್ಲ, ನಂದು ಯಾಕೆ ತಪ್ಪು?' ಎಂದು ಕೇಳಿದಳು. ಮೇಷ್ಟ್ರ ಬಳಿ ಉತ್ತರವಿರಲಿಲ್ಲ. 'ನನ್ನ ಮನಸ್ಸಿಗೂ ಪರಶುರಾಮನೇ ಸರಿ ಎನ್ನಿಸುತ್ತದೆ. ಆದರೆ ಏಕೆ ಎಂದು ಮಗುವಿಗೆ ಹೇಳಲಾರೆ. ಇಂಥ ವಿಶೇಷಣಗಳ ಸಾಲನ್ನು ಬಿಡಿಸುವ ಕ್ರಮ ಯಾವುದು?' ಎಂದು ಪತ್ರ ಮುಗಿಸಿದ್ದರು.

ಮಾವ ಆ ವಾಕ್ಯವನ್ನು ನನ್ನಿಂದ ಮೂರು ಸಲ ಓದಿಸಿದರು. ಮೊದಲ ಸಲ ಓದಿದಾಗಲೇ ಒಂದು ವಿಚಿತ್ರ ಗಮನಕ್ಕೆ ಬರುತ್ತದೆ. 'ಗಂಗೆ ಹೆತ್ತ ಕ್ಷತ್ರಿಯರನ್ನು' ಎಂದು ಒಂದೇ ಉಸಿರಿನಲ್ಲಿ ಓದಿದರೆ, ಗಂಗೆ ಒಂದಷ್ಟು ಕ್ಷತ್ರಿಯರನ್ನು ಹೆತ್ತಳು, ಅವರನ್ನು ಪರಶುರಾಮ ಕೊಂದ ಎಂದಾಗುತ್ತದೆ. ವ್ಯಾಕರಣ ಇದನ್ನು ತಡೆಯುವುದಿಲ್ಲ. ಕಥೆ ತಡೆಯುತ್ತದೆ.

ಈ ಗೊಂದಲಕ್ಕೆ ಕಾರಣ ನಮ್ಮ ಭಾಷೆಯ ಕಟ್ಟಿನಲ್ಲೇ ಇದೆ. ಒಲಿದ, ಹೆತ್ತ, ಕೊಂದ, ಎದುರಿಸಿದ ಎಂಬ ರೂಪಗಳನ್ನು ಶಾಲೆಯ ವ್ಯಾಕರಣದಲ್ಲಿ ಕೃದಂತನಾಮ ಎನ್ನುತ್ತಾರೆ. ಇವು ಮುಂದೆ ಬರುವ ಒಂದು ನಾಮಪದಕ್ಕೆ ವಿಶೇಷಣವಾಗಿ ನಿಲ್ಲುತ್ತವೆ. ಆದರೆ ಆ ನಾಮಪದ ಕ್ರಿಯೆಯನ್ನು ಮಾಡಿದ್ದೋ, ಮಾಡಿಸಿಕೊಂಡದ್ದೋ ಎಂದು ಹೇಳುವುದಿಲ್ಲ. 'ಕಡಿದ ಕೊಡಲಿ' ಎಂದರೆ ಕಡಿಯಲು ಬಳಸಿದ ಕೊಡಲಿ, 'ಕಡಿದ ಮರ' ಎಂದರೆ ಕಡಿಸಿಕೊಂಡ ಮರ, 'ಕಡಿದ ಆಳು' ಎಂದರೆ ಕಡಿದವನು. ಕೃದಂತದ ರೂಪ ಮೂರು ಕಡೆಯೂ ಒಂದೇ. ಇಲ್ಲಿ ಪುಣೆಯಲ್ಲಿ ಮಕ್ಕಳು ಮರಾಠಿ ಕಲಿಯುವವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಮರಾಠಿಯಲ್ಲಿ 'ಜ್ಯಾನೆ', 'ಜ್ಯಾಲಾ' ಎಂದು ವಿಭಕ್ತಿ ಹೊತ್ತ ಪದವೊಂದು ಬಂದು, ಯಾರು ಮಾಡಿದ್ದು, ಯಾರಿಗೆ ಆದದ್ದು ಎಂದು ಮೊದಲೇ ಹೇಳಿಬಿಡಬಲ್ಲದು. ಕನ್ನಡದ ಕೃದಂತದಲ್ಲಿ ಆ ಸೂಚನೆ ಇಲ್ಲ. ಓದುವವನೇ ಕಂಡುಕೊಳ್ಳಬೇಕು. ಮೇಲಾಗಿ ವಿಶೇಷಣ ಮೊದಲು, ನಾಮಪದ ಆಮೇಲೆ. ಭೀಷ್ಮ ಎಂಬ ಹೆಸರು ಬರುವವರೆಗೂ ನಾಲ್ಕು ಕ್ರಿಯೆಗಳನ್ನು ಮನಸ್ಸಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟುಕೊಂಡು ಕಾಯಬೇಕು.

ಮಾವ ಹೇಳಿದ ಕ್ರಮದ ಮೊದಲ ಹೆಜ್ಜೆ, ವಾಕ್ಯವನ್ನು ಕೊನೆಯಿಂದ ಹಿಡಿಯುವುದು. ಪೂರ್ಣಕ್ರಿಯಾಪದ ಯಾವುದು? 'ಮಲಗಿದನು'. ಯಾರು? 'ಭೀಷ್ಮನು'. ಇಷ್ಟು ಕೈಗೆ ಸಿಕ್ಕಮೇಲೆ 'ಎಂಥ ಭೀಷ್ಮ?' ಎಂದು ಕೇಳುತ್ತಾ ಹಿಂದಕ್ಕೆ ನಡೆಯಬೇಕು. ಸಂಸ್ಕೃತದ ವ್ಯಾಖ್ಯಾನಕಾರರು ಇದನ್ನು ಖಂಡಾನ್ವಯ ಎನ್ನುತ್ತಾರೆ. ಮುಖ್ಯ ವಾಕ್ಯ ಹೇಳಿ, 'ಕಥಂಭೂತಃ' ಅಂದರೆ ಎಂಥವನು ಎಂದು ಕೇಳಿ, ಒಂದೊಂದೇ ವಿಶೇಷಣ ಜೋಡಿಸುವ ಪದ್ಧತಿ. ಪದ್ಯದ ಪದಗಳನ್ನೆಲ್ಲ ಗದ್ಯದ ಕ್ರಮದಲ್ಲಿ ಒಂದೇ ಸಲಕ್ಕೆ ಹೊಂದಿಸಿಡುವುದು ದಂಡಾನ್ವಯ. ನಮ್ಮ ಶಾಲೆಗಳಲ್ಲಿ ಹೆಚ್ಚಾಗಿ ನಡೆಯುವುದು ಎರಡನೆಯದು. ಆದರೆ ವಿಶೇಷಣಗಳು ಪೇರಿಕೊಂಡಾಗ ಕೈಹಿಡಿಯುವುದು ಮೊದಲನೆಯದು.

ಎರಡನೆಯ ಹೆಜ್ಜೆ, ಪ್ರತಿಯೊಂದು ಕೃದಂತದ ಖಾಲಿ ಮನೆಯನ್ನು ಹುಡುಕುವುದು. ಪ್ರತಿ ಕ್ರಿಯೆಗೂ ಮಾಡಿದವರು ಬೇಕು, ಕೆಲವಕ್ಕೆ ಮಾಡಿಸಿಕೊಂಡವರೂ ಬೇಕು. ತುಂಬಿರುವ ಮನೆಗಳನ್ನು ಗುರುತು ಹಾಕಿದರೆ ಉಳಿದ ಮನೆಯೇ ಮುಂದಿನ ನಾಮಪದದ ಜಾಗ. 'ಒಲಿದ': ಯಾರಿಗೆ? ಶಂತನುವಿಗೆ. ಯಾರು? ಖಾಲಿ. ಆದ್ದರಿಂದ ಒಲಿದವಳು ಗಂಗೆ. 'ಹೆತ್ತ': ಯಾರು? ಗಂಗೆ. ಯಾರನ್ನು? ಖಾಲಿ. ಆದ್ದರಿಂದ ಮುಂದೆ ಒಂದು ಮಗು ಬರಬೇಕು. 'ಕೊಂದ': ಯಾರನ್ನು? ಕ್ಷತ್ರಿಯರನ್ನು. ಯಾರು? ಖಾಲಿ. 'ಎದುರಿಸಿದ': ಯಾರನ್ನು? ಪರಶುರಾಮನನ್ನು. ಯಾರು? ಖಾಲಿ.

ಈಗ ಖಾಲಿ ಮನೆಗಳಿಗೆ ಜನರನ್ನು ಕೂರಿಸಬೇಕು. ಇದಕ್ಕೊಂದು ಕಟ್ಟುಪಾಡಿದೆ. ಕೃದಂತಕ್ಕೂ ಅದರ ನಾಮಪದಕ್ಕೂ ನಡುವೆ ಬರಬಹುದಾದದ್ದು ಅದೇ ನಾಮಪದಕ್ಕೆ ಸೇರಿದ ಇನ್ನೊಂದು ವಿಶೇಷಣ ಮಾತ್ರ. ನಾನು ಅದನ್ನು ಆವರಣ ಚಿಹ್ನೆ ಹಾಕಿ ಬರೆದುಕೊಂಡೆ. ಆವರಣಗಳು ಒಂದರೊಳಗೊಂದು ಇರಬಹುದು, ಪಕ್ಕಪಕ್ಕ ಇರಬಹುದು, ಆದರೆ ಒಂದನ್ನೊಂದು ಕತ್ತರಿಸುವಂತಿಲ್ಲ. ಕೋಡ್ ಬರೆಯುವವರಿಗೆ ಇದು ದಿನನಿತ್ಯದ ನಿಯಮ. ಮಾವನ ಓದು ಹೀಗಿತ್ತು:

[[ಶಂತನುವಿಗೆ ಒಲಿದ] ಗಂಗೆ ಹೆತ್ತ] [[ಕ್ಷತ್ರಿಯರನ್ನು ಕೊಂದ] ಪರಶುರಾಮನನ್ನು ಎದುರಿಸಿದ] ಭೀಷ್ಮ

ಹುಡುಗಿಯ ಓದು:

[[ಶಂತನುವಿಗೆ ಒಲಿದ] ಗಂಗೆ ಹೆತ್ತ] [ಕ್ಷತ್ರಿಯರನ್ನು ಕೊಂದ] [ಪರಶುರಾಮನನ್ನು ಎದುರಿಸಿದ] ಭೀಷ್ಮ

ಎರಡರಲ್ಲೂ ಆವರಣಗಳು ಸರಿಯಾಗಿ ಮುಚ್ಚುತ್ತವೆ. ಅಂದರೆ ಎರಡೂ ವ್ಯಾಕರಣಕ್ಕೆ ಒಪ್ಪಿದ ಓದುಗಳೇ. 'ಹುಡುಗಿ ವ್ಯಾಕರಣ ತಪ್ಪಿಲ್ಲ. ಇದನ್ನು ಮೊದಲು ಬರಿ' ಎಂದರು ಮಾವ.

ಹಾಗಾದರೆ ಆಯ್ಕೆ ಹೇಗೆ? ಮಾತಿನಿಂದ ಅರ್ಥ ಹುಟ್ಟಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕು ಎಂದು ನಮ್ಮ ಹಳೆಯ ಶಾಸ್ತ್ರಗಳು ಹೇಳುತ್ತವೆ. ಖಾಲಿ ಮನೆಯ ಲೆಕ್ಕವೇ ಆಕಾಂಕ್ಷೆ, ಒಂದು ಪದ ಇನ್ನೊಂದನ್ನು ಬೇಡುವುದು. ಯೋಗ್ಯತೆ ಎಂದರೆ ಅರ್ಥ ಹೊಂದುವುದು. ಗಂಗೆ ಹೆತ್ತವನು ಪರಶುರಾಮನಲ್ಲ, ಅವನ ತಾಯಿ ರೇಣುಕೆ ಎಂದು ಗೊತ್ತಿರುವುದರಿಂದ 'ಹೆತ್ತ' ಎಂಬುದು ಅವನನ್ನು ದಾಟಿ ಭೀಷ್ಮನವರೆಗೆ ಹೋಗುತ್ತದೆ. ಆದರೆ 'ಕೊಂದ' ಎಂಬಲ್ಲಿ ಯೋಗ್ಯತೆ ಸಹಾಯಕ್ಕೆ ಬರುವುದಿಲ್ಲ. ಪರಶುರಾಮ ಇಪ್ಪತ್ತೊಂದು ಸಲ ಕ್ಷತ್ರಿಯರನ್ನು ಕೊಂದವನು. ಭೀಷ್ಮ ಹತ್ತು ದಿನ ಸೇನಾಪತಿಯಾಗಿದ್ದು ಕೊಂದವನು. ಕಥೆ ಇಬ್ಬರಿಗೂ ಹೊಂದುತ್ತದೆ. ಉಳಿದದ್ದು ಸನ್ನಿಧಿ, ಅಂದರೆ ಹತ್ತಿರವಿರುವುದು. ದೂರದ ನಾಮಪದಕ್ಕೆ ಹೋಗಲು ಕಾರಣವಿಲ್ಲದಿದ್ದರೆ ಹತ್ತಿರದ್ದಕ್ಕೇ ಸೇರಿಸಬೇಕು. ಅದರಂತೆ ಪರಶುರಾಮ.

ನಾನು ಕೇಳಿದೆ, 'ಮಾವ, ಕವಿಗೆ ಭೀಷ್ಮನೇ ಬೇಕಾಗಿದ್ದರೆ ಪದಗಳನ್ನು ಅದಲುಬದಲು ಮಾಡಬಹುದಿತ್ತಲ್ಲ?'

'ಮಾಡಿ ನೋಡು' ಎಂದರು. ಮಾಡಿದೆ: 'ಪರಶುರಾಮನನ್ನು ಎದುರಿಸಿದ ಕ್ಷತ್ರಿಯರನ್ನು ಕೊಂದ ಭೀಷ್ಮ'. ಈಗ ಪರಶುರಾಮನನ್ನು ಎದುರಿಸಿದವರು ಕ್ಷತ್ರಿಯರಾಗಿಬಿಟ್ಟರು! ಸ್ಥಾನ ಬದಲಿಸಿದರೆ ಗೊಂದಲ ಹೋಗುವುದಿಲ್ಲ, ಜಾಗ ಬದಲಿಸುತ್ತದೆ. ಗೊಂದಲ ತಪ್ಪಿಸಲು ಕನ್ನಡದಲ್ಲಿ ಬೇರೆ ದಾರಿಗಳಿವೆ. 'ಕೊಂದ' ಎಂಬುದನ್ನು 'ಕೊಂದು' ಎಂದು ಕೃದಂತಾವ್ಯಯ ಮಾಡಿದರೆ, 'ಕೊಂದು ಎದುರಿಸಿದ' ಎರಡಕ್ಕೂ ಮಾಡಿದವನು ಒಬ್ಬನೇ ಆಗುತ್ತಾನೆ. ಆದರೆ ಮೊದಲು ಕೊಂದ, ಆಮೇಲೆ ಎದುರಿಸಿದ ಎಂಬ ಕಾಲಕ್ರಮವೂ ಬಂದುಬಿಡುತ್ತದೆ. ಅಂಬೆಯ ಕಾರಣಕ್ಕೆ ಪರಶುರಾಮನೊಡನೆ ನಡೆದ ಯುದ್ಧ ಕುರುಕ್ಷೇತ್ರಕ್ಕಿಂತ ಬಹಳ ಹಿಂದಿನದು, ಹಾಗಾಗಿ ಅದು ಇಲ್ಲಿ ಒಪ್ಪದು. 'ಕ್ಷತ್ರಿಯರನ್ನು ಕೊಂದವನೂ ಪರಶುರಾಮನನ್ನು ಎದುರಿಸಿದವನೂ ಆದ ಭೀಷ್ಮ' ಎಂದರೆ ಯಾವ ಸಂಶಯವೂ ಇಲ್ಲ. ಇಂಥ ಸ್ಪಷ್ಟ ದಾರಿ ಇದ್ದೂ ಕವಿ ಅದನ್ನು ಹಿಡಿಯಲಿಲ್ಲ ಎಂಬುದು ಪರಶುರಾಮನ ಪರವಾಗಿ ಒಂದು ಸಾಕ್ಷಿ. ಛಂದಸ್ಸು ಅವಕಾಶ ಕೊಟ್ಟಿರಲಿಕ್ಕಿಲ್ಲ ಎಂಬ ವಾದವೂ ಇರುವುದರಿಂದ ಅದು ಪೂರ್ತಿ ಸಾಕ್ಷಿಯಲ್ಲ.

ಮಾವನಿಗೆ ಹೆಚ್ಚು ಗಟ್ಟಿ ಎನಿಸಿದ ಕಾರಣ ಬೇರೆ. ಅಲಂಕಾರಶಾಸ್ತ್ರದಲ್ಲಿ ಪರಿಕರ ಎಂಬುದೊಂದಿದೆ. ಅಭಿಪ್ರಾಯವಿರುವ ವಿಶೇಷಣಗಳನ್ನು ಬಳಸುವುದು. ಭೀಷ್ಮ ಸ್ವತಃ ಕ್ಷತ್ರಿಯ. ಕ್ಷತ್ರಿಯ ಕುಲವನ್ನೇ ಅಳಿಸಿದವನ ಎದುರು ಒಬ್ಬ ಕ್ಷತ್ರಿಯ ನಿಂತ ಎಂದಾಗ 'ಎದುರಿಸಿದ' ಎಂಬ ಮಾತಿಗೆ ತೂಕ ಬರುತ್ತದೆ. ಅದೇ ವಿಶೇಷಣವನ್ನು ಭೀಷ್ಮನಿಗೆ ಕೊಟ್ಟರೆ ಅವನ ಸಾಧನೆಗಳ ಪಟ್ಟಿಗೆ ಇನ್ನೊಂದು ಸೇರಿತು, ಅಷ್ಟೆ. ಪಕ್ಕದ ಮಾತಿನ ಜೊತೆ ಅದು ಕೆಲಸ ಮಾಡುವುದಿಲ್ಲ.

ನಿಜವಾದ ಹಳಗನ್ನಡ ಪಾಠಗಳಿಗೆ ಬಂದಾಗ ಎರಡು ಎಚ್ಚರಿಕೆ ಬೇಕೆಂದು ಬರೆಸಿದರು. ಒಂದು, ಅಚ್ಚಾದ ಪುಸ್ತಕದಲ್ಲಿ ಕಾಣುವ ಅಲ್ಪವಿರಾಮ ಕವಿಯದಲ್ಲ, ಸಂಪಾದಕರದು. ಅದೂ ಒಬ್ಬರ ಓದು. ಇನ್ನೊಂದು, ಸೊನ್ನೆಯ ಮೇಲೆ ಕಣ್ಣಿರಲಿ. ಈಗ ನಾವು ಮಾತಿನಲ್ಲಿ 'ಅವನು ಕೊಂದ' ಎಂದರೂ 'ಕೊಂದ ಅರಸ' ಎಂದರೂ ರೂಪ ಒಂದೇ. ಹಳಗನ್ನಡದಲ್ಲಿ 'ಕೊಂದಂ' ಎಂದರೆ ಅವನು ಕೊಂದನು ಎಂದು ವಾಕ್ಯ ಮುಗಿಯಬಹುದು, 'ಕೊಂದ' ಎಂದರೆ ವಿಶೇಷಣ, ಮುಂದೆ ನಾಮಪದ ಬರಲೇಬೇಕು. ಪ್ರತಿ ಮಾಡುವವನ ಕೈಯಲ್ಲಿ ಒಂದು ಸೊನ್ನೆ ಬಿಟ್ಟುಹೋದರೆ ಮುಗಿದ ವಾಕ್ಯ ಮುಂದಿನದಕ್ಕೆ ಅಂಟಿಕೊಂಡು, ಇಲ್ಲದ ವಿಶೇಷಣವೊಂದು ಹುಟ್ಟುತ್ತದೆ. ಮುಂದಿನ ನಾಮಪದವನ್ನು ಯಾವ ಖಾಲಿ ಮನೆಯಲ್ಲಿ ಕೂರಿಸಿದರೂ ಹೊಂದದಿದ್ದರೆ, ಅನ್ವಯವನ್ನು ತಿರುಚುವ ಮೊದಲು ಪಾಠವನ್ನೇ ಅನುಮಾನಿಸಬೇಕು.

ಇನ್ನು ಅಂಕದ ವಿಷಯ. ಅಲ್ಲಿ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಬರೆಸಿದ್ದು ಇಷ್ಟು: 'ಪರಶುರಾಮ ಎಂಬುದು ಹೆಚ್ಚು ಒಪ್ಪುವ ಉತ್ತರ, ಒಂದೇ ಉತ್ತರವಲ್ಲ. ಎರಡು ಓದಿಗೆ ಎಡೆಯಿರುವ ಕಡೆ ಒಂದನ್ನೇ ಕೇಳಿದ್ದು ಪ್ರಶ್ನೆಯ ದೋಷ. ಮಗುವಿಗೆ ಎರಡೂ ಅಂಕ ಕೊಡಿ. ಆಮೇಲೆ ಅವಳನ್ನು ಕೂರಿಸಿಕೊಂಡು ನಾಲ್ಕು ಖಾಲಿ ಮನೆಗಳನ್ನು ಅವಳ ಕೈಯಿಂದಲೇ ತುಂಬಿಸಿ. ಪರಶುರಾಮ ಏಕೆ ಹೆಚ್ಚು ಸರಿ ಎಂಬುದನ್ನು ಅವಳೇ ಹೇಳುತ್ತಾಳೆ. ಹೇಳದೆ, ಭೀಷ್ಮನ ಪರವಾಗಿ ನನ್ನದಕ್ಕಿಂತ ಒಳ್ಳೆಯ ಕಾರಣ ಕೊಟ್ಟರೆ ದಯವಿಟ್ಟು ನನಗೆ ಬರೆದು ತಿಳಿಸಿ.'